ಒಂದು ಮೀಟರ್ ಎಲ್ಲಿ ಹೋಯಿತು?

‘ಸೂತ್ರ ಎಲ್ಲಿಂದ ಬಂತು ಅಂತ ಕೇಳ್ತಾ ಕೂರೋ ಹುಡುಗ ಸಿಇಟಿಲಿ ಹಿಂದೆ ಬೀಳ್ತಾನೆ. ಉರು ಹೊಡೀಲಿ, ಸಾಕು.’ ಮಂಡ್ಯದಲ್ಲಿ ಪಿಯುಸಿ ಮಕ್ಕಳಿಗೆ ಟ್ಯೂಷನ್ ಹೇಳುವ ಮೇಷ್ಟ್ರೊಬ್ಬರು ಪೋಷಕರಿಗೆ ಕೊಡುತ್ತಿದ್ದ ಸಲಹೆ ಇದು. ಬರೀ ಅಂಕದ ಲೆಕ್ಕ ಹಿಡಿದು ನೋಡಿದರೂ ಈ ಮಾತು ನಿಲ್ಲುವುದಿಲ್ಲ.

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರವನ್ನೇ ತೆಗೆದುಕೊಳ್ಳಿ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತೆಂಬುದು ಈ ಕಡೆಯ ಮಕ್ಕಳಿಗೆ ಗೊತ್ತು. ಧುಮ್ಮಿಕ್ಕುವ ನೀರಿನಿಂದ ಎಷ್ಟು ವಿದ್ಯುತ್ ಬರಬಹುದು ಎಂದು ಕೇಳಿದರೆ P = ρgQH ಎಂಬ ಸೂತ್ರ ಬೇಕು. ಉರು ಹೊಡೆದವನು ಗಾಬರಿಯಲ್ಲಿ ಒಂದಕ್ಷರ ಬಿಟ್ಟು P = ρgQ ಎಂದು ಬರೆದರೆ, ತಪ್ಪಿದ್ದು ಅವನಿಗೆ ತಿಳಿಯುವ ದಾರಿಯೇ ಇಲ್ಲ.

ಸೂತ್ರ ಹುಟ್ಟುವುದನ್ನು ನೋಡಿದವನಿಗೆ ಆ ಭಯವಿಲ್ಲ. m ಕಿಲೋ ನೀರು H ಎತ್ತರದಿಂದ ಬಿದ್ದರೆ mgH ಶಕ್ತಿ. ಸೆಕೆಂಡಿಗೆ Q ಘನ ಮೀಟರ್ ನೀರು ಬೀಳುತ್ತಿದೆ, ಒಂದೊಂದು ಘನ ಮೀಟರಿನಲ್ಲೂ ρ ಕಿಲೋ ನೀರಿದೆ. ಅಂದಮೇಲೆ ಸೆಕೆಂಡಿಗೆ ಬೀಳುವುದು ρQ ಕಿಲೋ. m ಇದ್ದ ಜಾಗದಲ್ಲಿ ρQ ಇಟ್ಟರೆ ಮುಗಿಯಿತು. ನೆನಪಿಡಬೇಕಾದ್ದು ಹೈಸ್ಕೂಲಿನ mgH ಒಂದೇ.

ಇನ್ನು ಆಯಾಮದ ಪರೀಕ್ಷೆ. ಅಕ್ಷರ ಬಿಟ್ಟುಹೋದ ρgQ ಅನ್ನು ಬಿಡಿಸಿ ಬರೆಯೋಣ:

(kg/m³) × (m/s²) × (m³/s) = kg·m/s³

ವ್ಯಾಟ್ ಎಂದರೆ kg·m²/s³. ಒಂದು ಮೀಟರ್ ಕಡಿಮೆ ಬಿತ್ತು. ಏನೋ ತಪ್ಪಿದೆ ಎಂದಷ್ಟೇ ಹೇಳಿ ಈ ಪರೀಕ್ಷೆ ಸುಮ್ಮನಾಗುವುದಿಲ್ಲ. ಕಾಣೆಯಾದದ್ದು ಒಂದು ಉದ್ದ ಎಂದು ಬೆರಳಿಟ್ಟು ತೋರಿಸುತ್ತದೆ. ಬೀಳುವ ನೀರಿನ ಲೆಕ್ಕದಲ್ಲಿ ಆ ಉದ್ದ ಎತ್ತರವಲ್ಲದೆ ಮತ್ತೇನು?

ಕಾವೇರಿ ಜಗಳದಲ್ಲಿ ನಾವು ದಿನಾ ಬಳಸುವ ಎರಡು ಮಾತಿಗೂ ಇದೇ ಪರೀಕ್ಷೆ ಬೇಕು. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅದು ನೀರಿನ ಗಾತ್ರ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅದು ಹರಿವಿನ ದರ. ದರವನ್ನು ಕಾಲದಿಂದ ಗುಣಿಸದೆ ಗಾತ್ರ ಸಿಕ್ಕುವುದಿಲ್ಲ. 2016ರ ಸೆಪ್ಟೆಂಬರ್ 5ರಂದು ಸುಪ್ರೀಂ ಕೋರ್ಟ್ 10 ದಿನ 15,000 ಕ್ಯೂಸೆಕ್ ಬಿಡಿ ಎಂದಾಗ ಮದ್ದೂರು, ಮಂಡ್ಯದ ಜನ ಬೀದಿಗಿಳಿದರು. ದಿನಕ್ಕೆ 86,400 ಸೆಕೆಂಡು. 15,000 × 86,400 × 10 ಮಾಡಿದರೆ 12.96 ಟಿಎಂಸಿ. ಕೆಆರ್‌ಎಸ್ ತುಂಬಿದಾಗ ಹಿಡಿಯುವುದು 49.45 ಟಿಎಂಸಿ. ತುಂಬಿದ ಕಟ್ಟೆಯ ಕಾಲು ಭಾಗಕ್ಕಿಂತ ಹೆಚ್ಚು! ‘10 ದಿನ’ ಎಂಬುದನ್ನು ನುಂಗಿ ಬರೀ ‘15,000 ಕ್ಯೂಸೆಕ್’ ಎಂದು ಅರಚುವ ಟಿವಿ ನಿರೂಪಕರು ರೈತನಿಗೆ ಹೇಳಿದ್ದೇನು? ಸೊನ್ನೆ.

ಮೇಷ್ಟ್ರ ಕಡೆಯ ಒಂದು ವಾದಕ್ಕೆ ಮಾತ್ರ ನನ್ನಲ್ಲಿ ಗೌರವವಿದೆ. ಸಿಇಟಿ ಭೌತಶಾಸ್ತ್ರದಲ್ಲಿ 60 ಪ್ರಶ್ನೆ, 80 ನಿಮಿಷ. ಒಂದಕ್ಕೆ ಒಂದೂಕಾಲು ನಿಮಿಷದ ಮೇಲೆ ಚೂರು ಸಿಗುತ್ತದೆ. ಅಲ್ಲಿ ಕೂತು ಸೂತ್ರ ಸಾಧಿಸಲು ಯಾರಿಗೆ ಪುರುಸೊತ್ತು? ಆದರೆ ಸಾಧಿಸುವ ಕೆಲಸ ಮನೆಯದು. ನಾಲ್ಕೈದು ಸಲ ಕೈಯಾರೆ ಬರೆದ ಸೂತ್ರ ಬೇಡವೆಂದರೂ ನೆನಪಿನಲ್ಲಿ ಕೂರುತ್ತದೆ. ಪರೀಕ್ಷೆಯ ಹಾಲಿನಲ್ಲಿ ಮಾಡಬೇಕಾದ್ದು ಆಯಾಮ ನೋಡುವುದಷ್ಟೇ. ಉತ್ತರ ಅಕ್ಷರಗಳಲ್ಲಿರುವ ಪ್ರಶ್ನೆಯಾದರೆ ನಾಲ್ಕು ಆಯ್ಕೆಗಳಲ್ಲಿ ಒಂದೆರಡು ಅಲ್ಲೇ ಬಿದ್ದುಹೋಗುವುದುಂಟು. ಆಯ್ಕೆಗಳೆಲ್ಲ ಬರೀ ಅಂಕಿಗಳಾಗಿದ್ದರೆ ಈ ಉಪಾಯ ಅಷ್ಟು ಸುಲಭವಾಗಿ ನಡೆಯದು.

ಆಯಾಮದ ಕಣ್ಣಿಗೆ ಬೀಳದ ತಪ್ಪುಗಳೂ ಇವೆ. ಟರ್ಬೈನಿನ ದಕ್ಷತೆ ಬರೀ ಸಂಖ್ಯೆ, ಅದಕ್ಕೆ ಆಯಾಮವಿಲ್ಲ. ಮರೆತರೂ ಏಕಮಾನಗಳು ಚೊಕ್ಕವಾಗಿ ಹೊಂದುತ್ತವೆ. ಕಟ್ಟೆಯ ತೂಬಿನಿಂದ ನುಗ್ಗುವ ನೀರಿನ ವೇಗ √(gh) ಎಂದರೂ √(2gh) ಎಂದರೂ ಆಯಾಮ ಒಂದೇ. ಆ 2 ಬೇಕಿದ್ದರೆ mgh = ½mv² ಎಂದು ಶುರುಮಾಡಿ ಸಾಧಿಸಲೇಬೇಕು.

ಇವೆಲ್ಲಕ್ಕಿಂತ ಮೋಸದ್ದು ಕ್ಯೂಸೆಕ್. ಶಿವನಸಮುದ್ರದಲ್ಲಿ ಎತ್ತರ 120 ಮೀಟರ್ ಎಂದಿಟ್ಟುಕೊಂಡರೆ, ಸೆಕೆಂಡಿಗೆ ಒಂದು ಘನ ಮೀಟರ್ ನೀರಿನಿಂದ 1000 × 9.8 × 120, ಅಂದರೆ ಸುಮಾರು 1.18 ಮೆಗಾವ್ಯಾಟ್. ಅಲ್ಲಿನ ಸ್ಥಾಪಿತ ಸಾಮರ್ಥ್ಯ 42 ಮೆಗಾವ್ಯಾಟ್. ಸೋರಿಕೆಯೇ ಇಲ್ಲವೆಂದರೂ ಸೆಕೆಂಡಿಗೆ 36 ಘನ ಮೀಟರ್, ಅಂದರೆ ಸುಮಾರು 1,270 ಕ್ಯೂಸೆಕ್ ಬೇಕು. ಆ 1,270 ಅನ್ನು ಹುಡುಗ ಹಾಗೇ Q ಜಾಗದಲ್ಲಿ ಹಾಕಿದರೆ ಆಯಾಮ ತಕರಾರು ಎತ್ತುವುದಿಲ್ಲ, ಎರಡೂ ಗಾತ್ರದ ಹರಿವೇ ತಾನೆ. ಉತ್ತರ ಮಾತ್ರ 1,500 ಮೆಗಾವ್ಯಾಟಿನ ಹತ್ತಿರ ಬರುತ್ತದೆ. ರಾಯಚೂರಿನ ಶಾಖೋತ್ಪನ್ನ ಸ್ಥಾವರದ ಒಟ್ಟು ಸಾಮರ್ಥ್ಯವೇ 1,720. ಶಿವನಸಮುದ್ರದ ಹಳೇ ಪವರ್ ಹೌಸನ್ನು ಒಮ್ಮೆ ಕಣ್ಣಾರೆ ಕಂಡ ಹುಡುಗನಾದರೆ ಅಲ್ಲೇ ಪೆನ್ನು ನಿಲ್ಲಿಸಿ, 35.3ರಿಂದ ಭಾಗಿಸಲು ಮರೆತದ್ದನ್ನು ಹುಡುಕಿಕೊಳ್ಳುತ್ತಾನೆ.