ಅಪ್ಪನ ಸೀಟಿನಲ್ಲಿ ತಮ್ಮ ಕೂತರೆ ವಿಮಾನಕ್ಕೇನು ನಷ್ಟ?

ನಮ್ಮ ಗೆಳೆಯನೊಬ್ಬ ಅಪ್ಪನಿಗೆಂದು ಎರಡು ತಿಂಗಳು ಮುಂಚೆಯೇ ಬೆಂಗಳೂರು–ದೆಹಲಿ ವಿಮಾನದ ಟಿಕೆಟ್ ಮಾಡಿಸಿದ್ದ. 4,800 ರೂಪಾಯಿ. ಹೊರಡಲು ಐದು ದಿನ ಇರುವಾಗ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ಅವರ ಬದಲು ತಮ್ಮ ಹೋಗಲಿ ಎಂದು ಕಂಪನಿಗೆ ಫೋನ್ ಮಾಡಿದರೆ, 'ಹೆಸರು ಬದಲಿಸಲು ಬರುವುದಿಲ್ಲ, ಭದ್ರತೆಯ ವಿಷಯ' ಎಂದರು. ಅದೇ ವಿಮಾನಕ್ಕೆ ತಮ್ಮನ ಹೆಸರಲ್ಲಿ ಹೊಸ ಟಿಕೆಟ್ ಕೊಂಡ. 9,300 ರೂಪಾಯಿ.

ಗಮನಿಸಿ, ಅದೇ ತಮ್ಮ, ಅದೇ ಆಧಾರ್ ಕಾರ್ಡ್, ಅದೇ ವಿಮಾನ. ದುಡ್ಡು ಕಟ್ಟಿದ ಕೂಡಲೇ ಭದ್ರತೆಯ ತೊಂದರೆ ಎಲ್ಲಿ ಹೋಯಿತು? ದೇಶದೊಳಗಿನ ಪ್ರಯಾಣಿಕನ ಗುರುತು ತಪಾಸಣೆ ನಡೆಯುವುದು ವಿಮಾನ ನಿಲ್ದಾಣದ ಬಾಗಿಲಲ್ಲಿ. ಐದು ದಿನ ಮುಂಚೆ ಹೆಸರು ಬದಲಾದರೆ ಅದಕ್ಕೇನೂ ಅಡ್ಡಿಯಾಗದು. ಯುರೋಪಿನ ರಯಾನ್‌ಏರ್, ಈಸಿಜೆಟ್ ಶುಲ್ಕ ಪಡೆದು ಹೆಸರು ಬದಲಿಸಿಕೊಡುತ್ತವೆ. ಅಲ್ಲೇನು ಭದ್ರತೆ ಇಲ್ಲವೇ?

ನಿಜವಾದ ಕಾರಣ ದರ. ಮುಂಚೆ ಕೊಂಡವರಿಗೆ ಅಗ್ಗ, ತುರ್ತಿನವರಿಗೆ ದುಬಾರಿ. ಕಂಪನಿಗಳ ಲೆಕ್ಕಾಚಾರ ನಿಂತಿರುವುದೇ ಇದರ ಮೇಲೆ. ಟಿಕೆಟ್ ಕೈ ಬದಲಾಗುವಂತಾದರೆ ದಲ್ಲಾಳಿಗಳು ಅಗ್ಗದ ಟಿಕೆಟ್ ಬಾಚಿಕೊಂಡು ಕೊನೇ ವಾರದಲ್ಲಿ ಮಾರುತ್ತಾರೆ. ಈ ಭಯ ಸುಳ್ಳಲ್ಲ, ಒಪ್ಪುತ್ತೇವೆ. ಆದರೆ ಇದಕ್ಕೆ ನಮ್ಮ ರೈಲ್ವೆಯೇ ದಾರಿ ಕಂಡುಕೊಂಡಿದೆ. ಕನ್‌ಫರ್ಮ್ ಆದ ಟಿಕೆಟ್ಟನ್ನು ತಂದೆ, ತಾಯಿ, ಅಣ್ಣ-ತಮ್ಮ, ಅಕ್ಕ-ತಂಗಿ, ಮಕ್ಕಳು, ಗಂಡ ಅಥವಾ ಹೆಂಡತಿಯ ಹೆಸರಿಗೆ ಒಂದು ಸಲ ವರ್ಗಾಯಿಸಬಹುದು. ರೈಲು ಹೊರಡುವ 24 ಗಂಟೆ ಮುಂಚೆ ರಿಸರ್ವೇಶನ್ ಕಚೇರಿಗೆ ಅರ್ಜಿ, ಗುರುತಿನ ಚೀಟಿ ಮತ್ತು ಸಂಬಂಧದ ದಾಖಲೆ ಕೊಟ್ಟರಾಯಿತು. ರೇಷನ್ ಕಾರ್ಡಿನಲ್ಲಿ ದಲ್ಲಾಳಿಯ ಹೆಸರು ಇರುವುದಿಲ್ಲವಲ್ಲ! ವಿಮಾನಕ್ಕೂ ಇದೇ ನಿಯಮ ಬರಲಿ ಎಂಬುದೇ ನಮ್ಮ ಒತ್ತಾಯ.

ಅಲ್ಲಿಯವರೆಗೆ ಟಿಕೆಟ್ಟನ್ನು ಸುಮ್ಮನೆ ಬಿಟ್ಟುಬಿಡಬೇಡಿ. ಅದೇ ವ್ಯಕ್ತಿ ಮುಂದೆಂದಾದರೂ ಹೋಗುವುದಿದ್ದರೆ ದಿನಾಂಕ ಬದಲಾವಣೆಗೆ ಎಷ್ಟಾಗುತ್ತದೆ ಎಂದು ಮೊದಲು ಕೇಳಿ. ಇಲ್ಲವಾದರೆ ಹೊರಡುವ ಮುಂಚೆ ರದ್ದು ಮಾಡಿ. ಡಿಜಿಸಿಎ ನಿಯಮದ ಪ್ರಕಾರ ರದ್ದತಿ ಶುಲ್ಕ ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತವನ್ನು ಮೀರುವಂತಿಲ್ಲ. ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕಗಳನ್ನು ಕಂಪನಿ ಮರಳಿಸಲೇಬೇಕು. 'ನಾನ್-ರಿಫಂಡೆಬಲ್' ಟಿಕೆಟ್ ಆದರೂ ಅಷ್ಟೇ, ಪ್ರಯಾಣಿಕ ಬಾರದೇ ಹೋದರೂ ಅಷ್ಟೇ. ಹಣದ ಬದಲು ಕಂಪನಿಯ ಖಾತೆಯಲ್ಲೇ ಜಮಾ ಇಡುವುದು ನಿಮ್ಮ ಇಷ್ಟಕ್ಕೆ ಬಿಟ್ಟದ್ದು, ಅವರು ತಾವಾಗಿ ಹಾಗೆ ಮಾಡುವಂತಿಲ್ಲ.

ಗೆಳೆಯನ 4,800ರಲ್ಲಿ 3,900 ಮೂಲ ದರ ಮತ್ತು ಇಂಧನ ಶುಲ್ಕಕ್ಕೆ ಸೇರಿದ್ದು. ಅಷ್ಟನ್ನೂ ಕಂಪನಿ ಹಿಡಿದುಕೊಂಡಿತು. ಎಲ್ಲವೂ ಹೋಯಿತೆಂದೇ ಅವನು ಕೈಚೆಲ್ಲಿದ್ದ. ಬಿಲ್ ತೆಗೆಸಿ ನೋಡಿದಾಗ 900 ಬರಬೇಕಿತ್ತು. ಕಂಪನಿಗೆ ಬರೆದ, ಉತ್ತರ ಬರಲಿಲ್ಲ. ಕೇಂದ್ರ ವಿಮಾನಯಾನ ಸಚಿವಾಲಯದ ಏರ್‌ಸೇವಾ ಪೋರ್ಟಲ್‌ನಲ್ಲಿ ದೂರು ಕೊಟ್ಟ ಮೇಲೆ ಹಣ ಬಂತು. ಅಪ್ಪನ ಕಾಲಿನ ಎಕ್ಸ್‌ರೇಗೆ ಆಯಿತು.