ಫೋನ್ ಕಳೆದರೆ ಖಾತೆಯೂ ಹೋಯಿತೇ?

"ಅಥೆಂಟಿಕೇಟರ್ ಆ್ಯಪ್ ಹಾಕಿಕೊಂಡರೆ, ಫೋನ್ ಕಳೆದ ದಿನ ಖಾತೆಯೂ ಕೈತಪ್ಪುತ್ತದೆ" ಎಂಬ ಸಂದೇಶ ನಿಮಗೂ ಬಂದಿರಬಹುದು. ಇದು ಅರ್ಧ ಸತ್ಯ.

ಗೂಗಲ್ ಖಾತೆಯನ್ನೇ ನೋಡೋಣ. ಎರಡು ಹಂತದ ಲಾಗಿನ್‌ಗೆ ಈ ಆ್ಯಪ್ ಸೇರಿಸುವಾಗ ನಾವು ಸ್ಕ್ಯಾನ್ ಮಾಡುವ ಕ್ಯೂಆರ್ ಕೋಡ್‌ನಲ್ಲಿ ಒಂದು ಗುಟ್ಟಿನ ಕೀಲಿ ಇರುತ್ತದೆ. ಅದರ ಒಂದು ಪ್ರತಿ ನಮ್ಮ ಫೋನಿನಲ್ಲಿ, ಇನ್ನೊಂದು ಗೂಗಲ್ ಬಳಿ ಉಳಿಯುತ್ತದೆ. ಕೀಲಿ ಮತ್ತು ಆ ಹೊತ್ತಿನ ಸಮಯವನ್ನು ಸೇರಿಸಿ ಎರಡೂ ಕಡೆ ಒಂದೇ ಲೆಕ್ಕ ನಡೆಯುತ್ತದೆ. 30 ಸೆಕೆಂಡಿಗೊಮ್ಮೆ ಬದಲಾಗುವ 6 ಅಂಕಿಗಳು ಹುಟ್ಟುವುದು ಹೀಗೆ. ಅದಕ್ಕೆ ಸಿಮ್ಮೂ ಬೇಡ, ಇಂಟರ್ನೆಟ್ಟೂ ಬೇಡ. ಆದರೆ ಫೋನಿನ ಗಡಿಯಾರ ತಪ್ಪಿದ್ದರೆ ಕೋಡ್ ಒಪ್ಪಿಗೆಯಾಗುವುದಿಲ್ಲ.

ಫೋನ್ ಕಳೆದರೆ ಕೀಲಿಯೂ ಹೋಗಬಹುದು. ಅದಕ್ಕೆಂದೇ ಅದೇ ಸೆಟ್ಟಿಂಗ್ಸ್‌ನಲ್ಲಿ 8 ಅಂಕಿಗಳ 10 ಬ್ಯಾಕಪ್ ಕೋಡ್‌ಗಳು ಸಿಗುತ್ತವೆ. ಪಾಸ್‌ವರ್ಡ್ ಹಾಕಿ, 6 ಅಂಕಿಯ ಬದಲು ಇವುಗಳಲ್ಲಿ ಒಂದನ್ನು ಕೊಟ್ಟರೆ ಒಳಗೆ ಹೋಗಬಹುದು. ನಂತರ ಹಳೆಯ ಆ್ಯಪ್ ತೆಗೆದು ಹೊಸ ಫೋನ್ ಸೇರಿಸಬೇಕು. ಪ್ರತಿ ಕೋಡ್ ಒಮ್ಮೆ ಮಾತ್ರ ಕೆಲಸ ಮಾಡುತ್ತದೆ. ಹೊಸ ಪಟ್ಟಿ ಪಡೆದರೆ ಹಳೆಯದು ರದ್ದು.

ಇವನ್ನು ಸ್ಕ್ರೀನ್‌ಶಾಟ್ ತೆಗೆದು ಅದೇ ಫೋನಿನಲ್ಲಿಟ್ಟರೆ ಫೋನಿನ ಜೊತೆ ಅವೂ ಹೋಗುತ್ತವೆ. ಕಾಗದದ ಮೇಲೆ ಬರೆದು ಬೀರುವಿನಲ್ಲಿಡಿ. ಕರೆ ಮಾಡಿ ಕೇಳಿದವರಿಗೆ ಮಾತ್ರ ಹೇಳಲೇಬೇಡಿ.