ಸಂಭಾವನೆಯ ಠರಾವು



ಕಾರವಾರಕ್ಕೆ ಸಾಹಿತ್ಯ ಸಮ್ಮೇಳನವು ಹೊಸತಲ್ಲ. 1931ರಲ್ಲಿ ಮುಳಿಯ ತಿಮ್ಮಪ್ಪಯ್ಯನವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ನೆರೆದದ್ದು ಅಲ್ಲಿಯೇ. ಈಚೆಗೆ ಅಂಕೋಲೆಯ ಕಡೆಯ ಒಂದು ಸಾಹಿತ್ಯ ಸಂಘದವರು ತಮ್ಮ ಕಾರ್ಯಕಾರಿ ಸಮಿತಿಯ ನಡಾವಳಿ ಪುಸ್ತಕವನ್ನು ನನ್ನ ಮುಂದಿರಿಸಿ, ವಾರ್ಷಿಕ ಸಮ್ಮೇಳನದ ಠರಾವುಗಳನ್ನು ನೋಡಿಕೊಡಬೇಕೆಂದು ಕೇಳಿದರು.

ಅದರಲ್ಲಿ ‘ಉಪನ್ಯಾಸಕರಿಗೆ ಯೋಗ್ಯ ಸಂಭಾವನೆ ಕೊಡತಕ್ಕದ್ದು’ ಎಂಬ ವಾಕ್ಯವಿತ್ತು. ಓದಲು ಗೌರವದ ಮಾತು. ಆದರೆ ಹಿಂದಿನ ವರ್ಷದ ಮನಸ್ತಾಪಕ್ಕೆಲ್ಲ ಅದೇ ಮೂಲ. ಧಾರವಾಡದಿಂದ ಯಲ್ಲಾಪುರದ ಮಾರ್ಗವಾಗಿ ಅರಬೈಲು ಘಟ್ಟವಿಳಿದು ಬಂದ ವಿದ್ವಾಂಸರೊಬ್ಬರ ಲಕೋಟೆಯಲ್ಲಿ 1,000 ರೂಪಾಯಿಗಳಿದ್ದವು. ಪ್ರಯಾಣವೆಚ್ಚವೂ ಅದರಲ್ಲಿಯೇ ಸೇರಿದೆಯೆಂದು ಸಮಿತಿಯವರು, ಅದು ಬೇರೆ ಬರುವುದೆಂದು ಅವರು. ಇಬ್ಬರ ತಿಳಿವಳಿಕೆಯೂ ತಪ್ಪಲ್ಲ, ಬರೆದವರೇ ಹೇಳಿರಲಿಲ್ಲ.

ಲೆಕ್ಕವನ್ನು ಹೀಗೆ ಮಾಡಿದೆವು. ಆ ಉಪನ್ಯಾಸಕ್ಕೆ ದಾನಿಗಳಿಟ್ಟ ದತ್ತಿಯ ಮೂಲಧನ 25,000 ರೂಪಾಯಿ. ನೂರಕ್ಕೆ ಆರೂವರೆಯಂತೆ ವರ್ಷದ ಬಡ್ಡಿ 1,625. ಸಂಭಾವನೆ 1,500, ಬಸ್ಸು ಹಾಗೂ ರಿಕ್ಷಾ ಸೇರಿ ಪ್ರಯಾಣಕ್ಕೆ 800 ಎಂದು ಹಿಡಿದರೆ ಒಟ್ಟು 2,300, ಕೊರತೆ 675. ಮೂಲಧನವನ್ನು ಮುಟ್ಟುವಂತಿಲ್ಲ. ಆದುದರಿಂದ ಸಂಭಾವನೆ ಇಷ್ಟು, ಪ್ರಯಾಣವೆಚ್ಚ ಪ್ರತ್ಯೇಕ, ಕೊರತೆಯನ್ನು ಸದಸ್ಯತ್ವದ ನಿಧಿಯಿಂದ ತುಂಬತಕ್ಕದ್ದು, ಕೋಶಾಧ್ಯಕ್ಷರು ರಸೀದಿಗೆ ಸಹಿ ಪಡೆದು ಅಂದೇ ಸಲ್ಲಿಸತಕ್ಕದ್ದು ಎಂದು ಹೊಸ ಠರಾವು ಸಿದ್ಧವಾಯಿತು. ಸೂಚಕರ, ಅನುಮೋದಕರ ಹೆಸರುಗಳೂ ಕೆಳಗೆ ಬಂದವು. ಆಹ್ವಾನಪತ್ರದೊಡನೆಯೇ ಈ ಮೊತ್ತವನ್ನು ಉಪನ್ಯಾಸಕರಿಗೆ ತಿಳಿಸಬೇಕೆಂಬುದನ್ನೂ ಸೇರಿಸಿದೆವು.

ಕಾರ್ಯದರ್ಶಿಗಳು ಹಳೆಯ ವಾಕ್ಯವನ್ನು ಹೊಡೆದುಹಾಕಲು ಲೇಖನಿ ಎತ್ತಿದ್ದರು. ಕೂಡದೆಂದೆ. ಸಹಿಯಾದ ನಡಾವಳಿಯನ್ನು ತಿದ್ದಿದರೆ ಉಳಿದ ಪುಟಗಳ ಮೇಲೂ ಸಂಶಯ ಬರುತ್ತದೆ. ಮುಂದಿನ ಸಭೆಯಲ್ಲಿ ಆ ಠರಾವಿನ ಕ್ರಮಾಂಕವನ್ನು ಕಾಣಿಸಿ, ಅದರ ಬದಲಿಗೆ ಇದು ಎಂದು ಅಂಗೀಕರಿಸುವುದೇ ಸರಿಯಾದ ಕ್ರಮ.

ಹಿರಿಯ ಸದಸ್ಯರೊಬ್ಬರು, ‘ವಚನದ ಮಾತಿಗೂ ದುಡ್ಡೇ, ಬುದ್ಧೀ?’ ಎಂದು ನೊಂದುಕೊಂಡರು. ಅವರಿಗೆ ಆಯ್ದಕ್ಕಿ ಲಕ್ಕಮ್ಮನವರ ಕಥೆ ನೆನಪಿಸಿದೆ. ಪತಿ ಮಾರಯ್ಯನವರು ಹೆಚ್ಚಾಗಿ ತಂದ ಅಕ್ಕಿಯನ್ನು ಆ ತಾಯಿ ಹಿಂದಕ್ಕೆ ಸುರಿದುಬರಲು ಕಳುಹಿಸಿದರು. ನಿತ್ಯದ ಕಾಯಕದ ಅಕ್ಕಿಯನ್ನು ಬೇಡವೆನ್ನಲಿಲ್ಲ. ಸಂಭಾವನೆ ಬೇಡವೆನ್ನುವ ಉಪನ್ಯಾಸಕರಿದ್ದರೆ ಅದನ್ನು ಸ್ವೀಕರಿಸಿ ದತ್ತಿಗೆ ಮರಳಿಸಲಿ. ಎರಡಕ್ಕೂ ರಸೀದಿ ಇರಲಿ.

ಗ್ರಂಥ ಬಿಡುಗಡೆಯ ಠರಾವಿನಲ್ಲಿ 500 ಪ್ರತಿಗಳೆಂದಷ್ಟೇ ಇತ್ತು. ವೇದಿಕೆಯವರಿಗೆ, ಹಾರದವರಿಗೆ, ಪರಿಚಿತರಿಗೆ ಹಂಚುತ್ತ ಹೋದರೆ ಮುದ್ರಣಾಲಯದ ಬಾಕಿ ಹೇಗೆ ತೀರೀತು? ಲೇಖಕರಿಗೆ 25, ಗೌರವಪ್ರತಿ 40, ಉಳಿದವು ಮಾರಾಟಕ್ಕೆಂದು ಬರೆಯಿಸಿದೆ. ದಿನಾಂಕದ ಬಗೆಗೆ ಚರ್ಚೆಯಾಗಲಿಲ್ಲ. 2024ರ ಜುಲೈಯಲ್ಲಿ ಶಿರೂರಿನ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದುದನ್ನು ಕಂಡವರು ಮಳೆಗಾಲದ ಸಮ್ಮೇಳನವನ್ನು ಸೂಚಿಸುವರೇ? ಪುಷ್ಯಮಾಸವೆಂದು ನಿಶ್ಚಯಿಸಿದರು.